ಹತ್ತಿರದ ಪದ, ಹೆಚ್ಚು ಜನರ ಪದ, ನಮ್ಮ ಪದ: ಶೋಧಪೆಟ್ಟಿಗೆ ಕಾಗುಣಿತವನ್ನು ತಿದ್ದುವ ಬಗೆ

(ರಾಯದುರ್ಗ ಮತ್ತು ಮಡಕಶಿರಾ ಪ್ರದೇಶಗಳ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೆಲವು ತಿಂಗಳ ಹಿಂದೆ ರಾಯದುರ್ಗದ ಸಮೀಪದ ಒಂದು ಕನ್ನಡ ಮಾಧ್ಯಮ ಶಾಲೆಗೆ ತರಗತಿ ವೀಕ್ಷಣೆಗಾಗಿ ಹೋಗಿದ್ದೆ. ಏಳನೆಯ ತರಗತಿಯ ಮಕ್ಕಳು ‘ನಮ್ಮ ಊರು’ ಎಂಬ ಯೋಜನೆಯಲ್ಲಿ ತೊಡಗಿದ್ದರು. ಊರಿನ ಬೆಟ್ಟದ ಮೇಲಿರುವ ಕೋಟೆಯ ಚಿತ್ರವೊಂದು ಬೇಕಾಗಿತ್ತು. ಅಧ್ಯಾಪಕರು ತಮ್ಮ ಮೊಬೈಲನ್ನು ಒಬ್ಬ ಹುಡುಗನ ಕೈಗೆ ಕೊಟ್ಟು, ಹುಡುಕಲು ಹೇಳಿದರು. ಆತ ಇಂಗ್ಲಿಷ್ ಅಕ್ಷರಗಳಲ್ಲಿ raydurg ಎಂದು ಒತ್ತಿದ. ಪರದೆಯ ಮೇಲೆ ಕೋಟೆ ಬರಲಿಲ್ಲ; ಗಾಜಿನ ಎತ್ತರದ ಕಟ್ಟಡಗಳೂ ಒಂದು ಮೆಟ್ರೊ ನಿಲ್ದಾಣವೂ ಬಂದವು. ಹುಡುಗ ತಲೆಯೆತ್ತಿ, “ಸಾರ್, ನಮ್ಮೂರಿನ ಹೆಸರನ್ನು ನಾನೇ ತಪ್ಪು ಬರೆದೆನಾ?” ಎಂದು ಕೇಳಿದ. “ಸ್ಪೆಲಿಂಗ್ ಸರಿಯಾಗಿ ಹಾಕಪ್ಪ, ತಪ್ಪು ಹಾಕಿದರೆ ಹೀಗೇ ಆಗುವುದು” ಎಂದರು ಅಧ್ಯಾಪಕರು.

ಅವರ ಉತ್ತರದಲ್ಲಿ ಅರ್ಧ ಸತ್ಯವಿದೆ. ರೈಲು ನಿಲ್ದಾಣದ ಫಲಕದ ಮೇಲೆ ನಾವು ಕಾಣುವ Rayadurg ಎಂಬ ರೂಪದಲ್ಲಿರುವ ಒಂದು a ಹುಡುಗನ ಬರಹದಲ್ಲಿ ಇರಲಿಲ್ಲ. ಆದರೆ ಆ ಒಂದು ಅಕ್ಷರದ ಕೊರತೆಯನ್ನು ತುಂಬಿಕೊಂಡು ಪೆಟ್ಟಿಗೆಯು ನಮ್ಮ ರಾಯದುರ್ಗಕ್ಕೇ ಏಕೆ ಬರಲಿಲ್ಲ? ಹೈದರಾಬಾದಿಗೆ ಏಕೆ ಹೋಯಿತು? ಇಂದು ನಾನು ವಿವರಿಸಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನೇ. ಇದಕ್ಕೆ ಉತ್ತರ ದೊರೆತರೆ, ‘ಸರ್ಚ್ ಬಾಕ್ಸ್’ ಎಂದು ನಾವೆಲ್ಲ ಕರೆಯುವ ಶೋಧಪೆಟ್ಟಿಗೆಯು ಮಗುವಿನ ಬರಹವನ್ನು ಯಾವ ಆಧಾರದ ಮೇಲೆ ತಿದ್ದುತ್ತದೆ, ಎಲ್ಲಿ ಎಡವುತ್ತದೆ ಎಂಬುದು ತಿಳಿಯುತ್ತದೆ.

ಎರಡು ಪದಗಳ ನಡುವಿನ ದೂರ

ಮೊದಲು ‘ದೂರ’ ಎಂಬ ಮಾತನ್ನು ಅರ್ಥಮಾಡಿಕೊಳ್ಳೋಣ. ಮಗು ಬರೆದ ಪದವನ್ನು ಸರಿಯಾದ ಪದವನ್ನಾಗಿ ಮಾಡಲು ನಮ್ಮ ಕೆಂಪು ಲೇಖನಿ ಕನಿಷ್ಠ ಎಷ್ಟು ಸಲ ತಾಗಬೇಕು? ಒಂದು ಅಕ್ಷರವನ್ನು ಸೇರಿಸುವುದು ಒಂದು ತಿದ್ದುಪಡಿ. ಒಂದನ್ನು ಅಳಿಸುವುದು ಒಂದು. ಒಂದರ ಬದಲಿಗೆ ಇನ್ನೊಂದನ್ನು ಇಡುವುದೂ ಒಂದು. ಹೀಗೆ ಬೇಕಾಗುವ ತಿದ್ದುಪಡಿಗಳ ಕನಿಷ್ಠ ಸಂಖ್ಯೆಯೇ ಆ ಎರಡು ಪದಗಳ ನಡುವಿನ ದೂರ. ಕಂಪ್ಯೂಟರ್ ತಜ್ಞರು ಇದನ್ನು ‘ಎಡಿಟ್ ಡಿಸ್ಟೆನ್ಸ್’ ಎನ್ನುತ್ತಾರೆ. ನಾವು ‘ತಿದ್ದುದೂರ’ ಎನ್ನೋಣ. ಇದನ್ನು ಗಣಿತದ ಭಾಷೆಯಲ್ಲಿ 1965 ರಲ್ಲಿ ನಿರೂಪಿಸಿದವರು ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್. ಅದಕ್ಕೆ ಒಂದು ವರ್ಷ ಮೊದಲು, 1964 ರಲ್ಲಿ, ಐಬಿಎಂ ಸಂಸ್ಥೆಯ ಫ್ರೆಡರಿಕ್ ಡ್ಯಾಮರಾವ್ ಎಂಬವರು ಇಂಗ್ಲಿಷ್ ಬರಹದ ತಪ್ಪುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 80 ಕ್ಕಿಂತ ಹೆಚ್ಚಿನವು ಒಂದೇ ತಿದ್ದುಪಡಿಯ ದೂರದಲ್ಲಿವೆ ಎಂದು ತೋರಿಸಿದ್ದರು. ಅಕ್ಕಪಕ್ಕದ ಎರಡು ಅಕ್ಷರಗಳು ಸ್ಥಳ ಬದಲಿಸಿಕೊಳ್ಳುವುದನ್ನೂ ಅವರು ಒಂದೇ ತಪ್ಪೆಂದು ಎಣಿಸಿದರು.

ಈಗ ಹೈದರಾಬಾದಿನ ಸಂಗತಿ. ಆ ನಗರದಲ್ಲಿಯೂ ನಮ್ಮ ಊರಿನ ಹೆಸರನ್ನೇ ಹೊತ್ತ ಒಂದು ಪ್ರದೇಶವಿದೆ. 2019 ರ ನವೆಂಬರಿನಲ್ಲಿ ಅಲ್ಲಿ ಒಂದು ಮೆಟ್ರೊ ನಿಲ್ದಾಣ ತೆರೆಯಿತು. ಅದರ ಹೆಸರನ್ನು Raidurg ಎಂದು ಬರೆಯುತ್ತಾರೆ. ಅವರ raidurg ಮತ್ತು ನಮ್ಮ rayadurg ಇವುಗಳ ನಡುವಿನ ತಿದ್ದುದೂರವೆಷ್ಟು? ಕೊನೆಯ durg ಎರಡರಲ್ಲಿಯೂ ಒಂದೇ ಆಗಿರುವುದರಿಂದ rai ಮತ್ತು raya ಎಂಬ ಭಾಗಗಳನ್ನು ಹೋಲಿಸಿದರೆ ಸಾಕು. ಕಂಪ್ಯೂಟರು ಇದಕ್ಕೊಂದು ಕೋಷ್ಟಕ ಹಾಕುತ್ತದೆ. ಕಪ್ಪುಹಲಗೆಯ ಮೇಲೆ ನಾವೂ ಹಾಕಬಹುದು.

```
      -  r  a  y  a
  -   0  1  2  3  4
  r   1  0  1  2  3
  a   2  1  0  1  2
  i   3  2  1  1  2
```

ಎಡಬದಿಯ ಅಕ್ಷರಗಳು ನಮ್ಮ ಬಳಿ ಇರುವ ಪದ. ಮೇಲಿನ ಸಾಲಿನವು ತಲುಪಬೇಕಾದ ಪದ. ಪ್ರತಿಯೊಂದು ಮನೆಯಲ್ಲಿರುವ ಅಂಕಿ, ಅಲ್ಲಿಯವರೆಗಿನ ತುಂಡುಗಳ ನಡುವಿನ ದೂರ. ಒಂದು ಮನೆಯನ್ನು ತುಂಬಲು ಮೂರು ನೆರೆಮನೆಗಳನ್ನು ನೋಡಬೇಕು. ಮೇಲಿನ ಮನೆಯ ಅಂಕಿಗೆ 1 ಕೂಡಿಸಿದರೆ ಅಳಿಸುವಿಕೆ. ಎಡಮನೆಯ ಅಂಕಿಗೆ 1 ಕೂಡಿಸಿದರೆ ಸೇರಿಸುವಿಕೆ. ಮೂಲೆಯಲ್ಲಿರುವ ಮನೆಯ ಅಂಕಿಗೆ, ಎರಡು ಅಕ್ಷರಗಳೂ ಒಂದೇ ಆಗಿದ್ದರೆ ಏನನ್ನೂ ಕೂಡಿಸದೆ, ಬೇರೆಯಾಗಿದ್ದರೆ 1 ಕೂಡಿಸಬೇಕು. ಈ ಮೂರರಲ್ಲಿ ಅತಿ ಚಿಕ್ಕದನ್ನು ಬರೆಯಬೇಕು. ಉದಾಹರಣೆಗೆ i ಸಾಲಿನ y ಮನೆಯಲ್ಲಿ, ಮೂಲೆಯ 0 ಗೆ 1 ಕೂಡಿಸಿ 1 ಬರೆದಿದ್ದೇವೆ. I ಅಕ್ಷರವು y ಆಯಿತು ಎಂದು ಅರ್ಥ. ಬಲತುದಿಯ ಕೊನೆಯ ಮನೆಯ 2 ನಮ್ಮ ಉತ್ತರ: i ಯನ್ನು y ಮಾಡಿ, ಒಂದು a ಸೇರಿಸಬೇಕು.

ಹುಡುಗ ಬರೆದ raydurg ಈ ದಾರಿಯಲ್ಲಿ ಎಲ್ಲಿದೆ ಎಂಬುದನ್ನು ಗಮನಿಸಿರಿ. ಅದು ಸರಿಯಾಗಿ ನಡುಹಾದಿಯಲ್ಲಿದೆ. ಒಂದು a ಸೇರಿಸಿದರೆ ಅದು ನಮ್ಮ rayadurg. ಒಂದು y ಯನ್ನು i ಮಾಡಿದರೆ ಹೈದರಾಬಾದಿನ raidurg. ಎರಡೂ ಒಂದೊಂದೇ ಹೆಜ್ಜೆ. ಆದ್ದರಿಂದ ದೂರದ ಲೆಕ್ಕವೊಂದೇ ಇಲ್ಲಿ ಏನನ್ನೂ ತೀರ್ಮಾನಿಸಲಾರದು.

ಸಮದೂರದಲ್ಲಿರುವಾಗ ತೀರ್ಪು ಯಾರದು?

ಇಲ್ಲಿ ಎರಡನೆಯ ಸಾಕ್ಷಿ ಬರುತ್ತದೆ. ಜನರು ಪೆಟ್ಟಿಗೆಯಲ್ಲಿ ಒತ್ತಿದ ಪ್ರತಿಯೊಂದು ಪದವೂ ಯಾವ ಹೊತ್ತಿನಲ್ಲಿ ಬಂತು, ಅನಂತರ ಅವರು ಯಾವ ಫಲಿತಾಂಶವನ್ನು ತೆರೆದರು ಎಂಬುದರೊಡನೆ ಒಂದು ಕಡತದಲ್ಲಿ ದಾಖಲಾಗುತ್ತದೆ. ಇದಕ್ಕೆ ‘ಕ್ವೆರಿ ಲಾಗ್’ ಎಂದು ಹೆಸರು. ನಾವು ‘ಶೋಧದಾಖಲೆ’ ಎನ್ನೋಣ. ಸಮದೂರದಲ್ಲಿರುವ ಎರಡು ಪದಗಳ ನಡುವೆ ಆರಿಸುವಾಗ ತಂತ್ರಾಂಶವು ಈ ದಾಖಲೆಯನ್ನು ಎರಡು ಪ್ರಶ್ನೆ ಕೇಳುತ್ತದೆ. ಒಂದು, ಈ ಪದವನ್ನು ಜನ ಎಷ್ಟು ಸಲ ಹುಡುಕುತ್ತಾರೆ? ಎರಡು, ಈ ಪದವನ್ನು ಉದ್ದೇಶಿಸಿದವರು ಹೀಗೆ ತಪ್ಪಿ ಬರೆಯುವುದು ಎಷ್ಟು ಸಾಮಾನ್ಯ? ಎರಡೂ ಉತ್ತರಗಳನ್ನು ಗುಣಿಸಿ, ಯಾವುದು ಹೆಚ್ಚೋ ಅದನ್ನು ಆರಿಸುತ್ತದೆ.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಇವು ನಿಜವಾದ ದಾಖಲೆಯವಲ್ಲ, ಕಪ್ಪುಹಲಗೆಯ ಅಂಕಿಗಳು. ಒಂದು ತಿಂಗಳಲ್ಲಿ rayadurg ಎಂದು ಹುಡುಕಿದವರು 200 ಮಂದಿ, raidurg ಎಂದು ಹುಡುಕಿದವರು 3000 ಮಂದಿ ಎನ್ನೋಣ. ನಮ್ಮ ಊರಿನವರು ‘ರಾಯ್ದುರ್ಗ’ ಎಂದೇ ಉಚ್ಚರಿಸುವುದರಿಂದ ನಡುವಿನ a ಸುಲಭವಾಗಿ ಬಿದ್ದುಹೋಗುತ್ತದೆ. 20 ರಲ್ಲಿ ಒಬ್ಬರು raydurg ಎಂದು ಬರೆಯುತ್ತಾರೆ ಎನ್ನೋಣ. ನಿಲ್ದಾಣವನ್ನು ಹುಡುಕುವವರು ಫಲಕದಲ್ಲಿ ಕಂಡಂತೆಯೇ ಬರೆಯುವುದರಿಂದ i ಬದಲಿಗೆ y ಹಾಕುವವರು 100 ರಲ್ಲಿ ಒಬ್ಬರು ಮಾತ್ರ ಎನ್ನೋಣ.

ಗುಣಿಸಿ ನೋಡಿರಿ. ನಮ್ಮ ಕಡೆ 200 ರ ಇಪ್ಪತ್ತನೆಯ ಒಂದು ಭಾಗ, ಅಂದರೆ 10. ಅವರ ಕಡೆ 3000 ದ ನೂರನೆಯ ಒಂದು ಭಾಗ, ಅಂದರೆ 30. ನಮ್ಮವರು ಆ ತಪ್ಪನ್ನು ಮಾಡುವ ಸಂಭವ ಐದು ಪಟ್ಟು ಹೆಚ್ಚಿದ್ದರೂ ಪೆಟ್ಟಿಗೆ ಹೈದರಾಬಾದನ್ನೇ ಆರಿಸುತ್ತದೆ. raydurg ಎಂದು ಬರೆದ 40 ಮಂದಿಯಲ್ಲಿ 30 ಮಂದಿಗೆ ಅದರ ಉತ್ತರ ಸರಿ. ಉಳಿದ 10 ಮಂದಿಗೆ ತಪ್ಪು. ಆ ಹತ್ತರಲ್ಲಿ ನಮ್ಮ ಹುಡುಗನೂ ಒಬ್ಬ. ಯಂತ್ರ ಕೆಟ್ಟಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ. ಹೆಚ್ಚು ಜನರನ್ನು ತೃಪ್ತಿಪಡಿಸುವ ಲೆಕ್ಕದಲ್ಲಿ ಕಡಿಮೆ ಜನರ ಊರು ಸೋತಿತು, ಅಷ್ಟೇ.

ಅದೇ ಹುಡುಗ raydurg anantapur ಎಂದು ಎರಡು ಪದಗಳನ್ನು ಒತ್ತಿದ್ದರೆ ಏನಾಗುತ್ತಿತ್ತು? ಆಗ ಪೆಟ್ಟಿಗೆಯು ಬಿಡಿ ಪದಗಳನ್ನಲ್ಲ, ಜೊತೆಪದಗಳನ್ನು ದಾಖಲೆಯಲ್ಲಿ ಹುಡುಕುತ್ತದೆ. rayadurg anantapur ಎಂಬ ಜೋಡಿ 40 ಸಲ, raidurg anantapur ಎಂಬುದು 2 ಸಲ ಇದೆಯೆನ್ನೋಣ. ಈಗ ನಮ್ಮ ಕಡೆ 40 ರ ಇಪ್ಪತ್ತನೆಯ ಒಂದು ಭಾಗ 2; ಅವರ ಕಡೆ 2 ರ ನೂರನೆಯ ಒಂದು ಭಾಗ 0.02. ನಮ್ಮ ಊರು ನೂರು ಪಟ್ಟು ಮುಂದಿದೆ. ಕಾಗುಣಿತ ಮೊದಲಿನಂತೆಯೇ ತಪ್ಪಾಗಿದ್ದರೂ ಉತ್ತರ ಸರಿಯಾಯಿತು. ಮಗುವಿಗೆ “ಸ್ಪೆಲಿಂಗ್ ಸರಿಯಾಗಿ ಹಾಕು” ಎನ್ನುವುದಕ್ಕಿಂತ “ನೆರೆಯ ಪದವೊಂದನ್ನು ಸೇರಿಸು” ಎನ್ನುವುದು ಇಲ್ಲಿ ಹೆಚ್ಚು ಉಪಯುಕ್ತ ಸಲಹೆ.

ದಾಖಲೆಯು ತಪ್ಪುಗಳನ್ನು ಕಲಿಯುವ ಬಗೆ

20 ರಲ್ಲಿ ಒಬ್ಬರು, 100 ರಲ್ಲಿ ಒಬ್ಬರು ಎಂದು ನಾನು ಕಲ್ಪಿಸಿದೆ. ನಿಜವಾದ ತಂತ್ರಾಂಶಕ್ಕೆ ಈ ಅನುಪಾತ ಎಲ್ಲಿಂದ ದೊರೆಯುತ್ತದೆ? ನಾವೇ ಮಾಡುವ ಒಂದು ಕೆಲಸವನ್ನು ನೆನೆಯಿರಿ. ಮಗು ತನ್ನ ನೋಟುಪುಸ್ತಕದಲ್ಲಿ ಒಂದು ಪದ ಬರೆದು, ಗೀಟು ಹಾಕಿ, ಪಕ್ಕದಲ್ಲಿಯೇ ಮತ್ತೆ ಬರೆದಿರುತ್ತದೆ. ಗೀಟು ಹಾಕಿದ ರೂಪವೂ ಅನಂತರದ ರೂಪವೂ ಒಂದು ಜೋಡಿ. ಅಲ್ಲಿ ಮಗುವೇ ತನ್ನ ತಪ್ಪನ್ನೂ ಅದರ ತಿದ್ದುಪಡಿಯನ್ನೂ ನಮಗೆ ಹೇಳಿದೆ.

ಶೋಧದಾಖಲೆಯಲ್ಲಿಯೂ ಇಂಥ ಗೀಟುಗಳಿರುತ್ತವೆ. ಒಬ್ಬರು raydurg ಎಂದು ಒತ್ತುತ್ತಾರೆ. ಬಂದ ಫಲಿತಾಂಶಗಳಲ್ಲಿ ಒಂದನ್ನೂ ತೆರೆಯುವುದಿಲ್ಲ. ಕೆಲವೇ ಕ್ಷಣಗಳಲ್ಲಿ rayadurg ಎಂದು ಮತ್ತೆ ಒತ್ತಿ, ಒಂದು ಪುಟವನ್ನು ತೆರೆದು ಓದುತ್ತಾರೆ. ಎರಡು ಬರಹಗಳ ನಡುವೆ ಕಾಲ ಕಡಿಮೆ, ತಿದ್ದುದೂರವೂ ಕಡಿಮೆ, ಎರಡನೆಯದು ಫಲ ಕೊಟ್ಟಿದೆ. ಇಂಥ ಜೋಡಿಗಳು ಸಾವಿರಾರು ಸೇರಿದಾಗ, ಯಾವ ಅಕ್ಷರ ಯಾವುದಾಗಿ ಎಷ್ಟು ಸಲ ಮಾರ್ಪಡುತ್ತದೆ ಎಂಬ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಆಗ ಎಲ್ಲ ತಿದ್ದುಪಡಿಗಳಿಗೂ 1 ಎಂಬ ಒಂದೇ ಬೆಲೆ ಇರುವುದಿಲ್ಲ. ಜನ ಪದೇ ಪದೇ ಮಾಡುವ ತಪ್ಪಿಗೆ ಕಡಿಮೆ ಬೆಲೆ, ಅಪರೂಪದ ತಪ್ಪಿಗೆ ಹೆಚ್ಚು ಬೆಲೆ. ‘ಶ’ ಕಾರ ‘ಸ’ ಆಗುವುದು ಅಗ್ಗ, ‘ಶ’ ಕಾರ ‘ಗ’ ಆಗುವುದು ದುಬಾರಿ.

ಮೈಕ್ರೊಸಾಫ್ಟ್ ಸಂಸ್ಥೆಯ ಸಂಶೋಧಕರಾದ ಸಿಲ್ವಿಯು ಕುಚೆರ್ಜಾನ್ ಮತ್ತು ಎರಿಕ್ ಬ್ರಿಲ್ ಅವರು 2004 ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸ್ವಾರಸ್ಯಕರ ಪಟ್ಟಿಯಿದೆ. ಅವರು ನೋಡಿದ ದಾಖಲೆಯಲ್ಲಿ albert einstein ಎಂಬ ಸರಿಯಾದ ರೂಪ 4834 ಸಲ ಇತ್ತು. einstien ಎಂದು ಬರೆದವರು 525, einstine ಎಂದು ಬರೆದವರು 149, einsten ಎಂದವರು 27. ಇವರಾರಿಗೂ ಸರಿಯಾದ ಕಾಗುಣಿತವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಸರಿಯಾದ ರೂಪ ಎಲ್ಲಕ್ಕಿಂತ ಹೆಚ್ಚು, ಒಂದೊಂದು ತಪ್ಪು ರೂಪವೂ ಅದಕ್ಕಿಂತ ತುಂಬ ಕಡಿಮೆ. ಅಂದರೆ ತಪ್ಪು ಬರೆಯುವವರು ಬೇರೆ ಬೇರೆ ದಿಕ್ಕಿಗೆ ಚದುರಿಹೋಗುತ್ತಾರೆ. ಸರಿ ಬರೆಯುವವರು ಒಂದೇ ಕಡೆ ಸೇರುತ್ತಾರೆ.

ಇದರಿಂದ ಅವರು ಕಂಡುಕೊಂಡ ಉಪಾಯವನ್ನು ಮಡಕಶಿರಾದ ಹೆಸರಿನಿಂದಲೇ ವಿವರಿಸಬಹುದು. ಒಬ್ಬರು ಅವಸರದಲ್ಲಿ madksra ಎಂದು ಒತ್ತಿದರು ಎನ್ನೋಣ. ಇದರಿಂದ madakasira ಮೂರು ಹೆಜ್ಜೆ ದೂರ. ಸಾಮಾನ್ಯವಾಗಿ ತಂತ್ರಾಂಶಗಳು ಎರಡು ಹೆಜ್ಜೆಗಿಂತ ದೂರ ಹುಡುಕುವುದಿಲ್ಲ. ಹುಡುಕಿದರೆ ಸಂಬಂಧವಿಲ್ಲದ ಪದಗಳು ತುಂಬಿಕೊಳ್ಳುತ್ತವೆ. ಆದರೆ ದಾಖಲೆಯಲ್ಲಿ madaksira ಎಂಬ ಇನ್ನೊಂದು ರೂಪವೂ ಇರುತ್ತದೆ. ಅದು ಎರಡು ಹೆಜ್ಜೆ ದೂರದಲ್ಲಿದೆ. ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಒಂದು ಹೆಜ್ಜೆ ಇಟ್ಟರೆ madakasira ಸಿಗುತ್ತದೆ. ಪ್ರತಿ ಸಲವೂ ಹತ್ತಿರವಿರುವ, ತನಗಿಂತ ಹೆಚ್ಚು ಬಳಕೆಯಲ್ಲಿರುವ ರೂಪಕ್ಕೆ ಏರುತ್ತ ಹೋಗುವುದೇ ಆ ಉಪಾಯ. ನಿಘಂಟು ಕಸವೆಂದು ಎಸೆಯುವ ರೂಪಗಳು ಇಲ್ಲಿ ಹೊಳೆ ದಾಟಲು ಇಟ್ಟ ಕಲ್ಲುಗಳಾಗುತ್ತವೆ.

ಆದರೆ ಹೊಳೆಯಲ್ಲಿ ಕಲ್ಲುಗಳಿದ್ದರೆ ತಾನೆ ದಾಟುವುದು? ಐನ್‌ಸ್ಟೈನರನ್ನು ಹುಡುಕುವವರು ಸಾವಿರಾರು. ಮಡಕಶಿರಾ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯನ್ನು ಹುಡುಕುವವರು ವರ್ಷಕ್ಕೆ ನಾಲ್ಕೈದು ಮಂದಿಯಿದ್ದರೆ, ಅವರಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದರೆ, ಸರಿಯಾವುದು ತಪ್ಪಾವುದು ಎಂದು ದಾಖಲೆ ಹೇಳಲಾರದು.

ಕನ್ನಡದ ಅಕ್ಷರ, ಕಂಪ್ಯೂಟರಿನ ಅಕ್ಷರ

ಇದುವರೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಲೆಕ್ಕ ಮಾಡಿದೆವು. ಕನ್ನಡ ಲಿಪಿಯಲ್ಲಿ ಒತ್ತಿದಾಗ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ‘ವಿದ್ಯಾರ್ಥಿ’ ಎಂಬ ಪದದಲ್ಲಿ ನಾವು ಎಣಿಸುವುದು ವಿ, ದ್ಯಾ, ರ್ಥಿ ಎಂಬ ಮೂರು ಅಕ್ಷರಗಳನ್ನು. ಕಂಪ್ಯೂಟರು ಎಣಿಸುವುದು ಹತ್ತು ಚಿಹ್ನೆಗಳನ್ನು: ವ, ಗುಡಿಸು, ದ, ಅರ್ಧಾಕ್ಷರದ ಗುರುತು, ಯ, ದೀರ್ಘ, ರ, ಮತ್ತೆ ಅರ್ಧಾಕ್ಷರದ ಗುರುತು, ಥ, ಗುಡಿಸು. ಮಗು ‘ವಿಧ್ಯಾರ್ತಿ’ ಎಂದು ಬರೆದರೆ ನಮ್ಮ ಲೆಕ್ಕದಲ್ಲಿ ಮೂರರಲ್ಲಿ ಎರಡಕ್ಷರ ತಪ್ಪು. ಕಂಪ್ಯೂಟರಿನ ಲೆಕ್ಕದಲ್ಲಿ ಹತ್ತರಲ್ಲಿ ಎರಡು ಮಾತ್ರ. ಈ ಕಾರಣದಿಂದ ದೊಡ್ಡ ಸಂಯುಕ್ತ ಪದಗಳ ತಪ್ಪನ್ನು ಪೆಟ್ಟಿಗೆಯು ಸುಲಭವಾಗಿ ಸರಿಪಡಿಸುತ್ತದೆ. ನಮ್ಮ ಕಣ್ಣಿಗೆ ತೀರ ಕೆಟ್ಟದಾಗಿ ಕಾಣುವ ಬರಹಕ್ಕೂ ಅದು ಸರಿಯಾದ ಉತ್ತರ ಕೊಡುವುದನ್ನು ನೀವು ಕಂಡಿರಬಹುದು.

ತೊಂದರೆ ಇರುವುದು ಚಿಕ್ಕ ಪದಗಳಲ್ಲಿ. ‘ಹಾಲು’ ಎಂಬುದು ನಾಲ್ಕು ಚಿಹ್ನೆಗಳ ಪದ. ಅದರಿಂದ ಒಂದೇ ಹೆಜ್ಜೆ ದೂರದಲ್ಲಿ ಕಾಲು, ಸಾಲು, ಪಾಲು, ಹಾಳು, ಹಾಡು, ಹಾವು ಇವೆಲ್ಲ ಇವೆ. ಎಲ್ಲವೂ ಒಳ್ಳೆಯ ಕನ್ನಡ ಪದಗಳೇ. ಚಿಕ್ಕ ಪದಗಳ ಓಣಿಯಲ್ಲಿ ಮನೆಗಳು ಒತ್ತೊತ್ತಾಗಿವೆ. ಒಂದು ಹೆಜ್ಜೆ ತಪ್ಪಿದರೆ ಇನ್ನೊಬ್ಬರ ಮನೆಗೆ ಹೋಗಿಬಿಡುತ್ತೇವೆ.

ನಮ್ಮ ಗಡಿಭಾಗದ ಮಕ್ಕಳಿಗೆ ಇದು ಕೇವಲ ಊಹೆಯ ಮಾತಲ್ಲ. ತೆಲುಗಿನಲ್ಲಿ ಹಾಲಿಗೆ ‘ಪಾಲು’ ಎನ್ನುತ್ತಾರೆ, ಹುಲಿಗೆ ‘ಪುಲಿ’ ಎನ್ನುತ್ತಾರೆ, ಹಂದಿಗೆ ‘ಪಂದಿ’ ಎನ್ನುತ್ತಾರೆ. ಹಳಗನ್ನಡದಲ್ಲಿಯೂ ಇವು ಪಕಾರದ ಪದಗಳೇ ಆಗಿದ್ದವು. ಅನಂತರ ಕನ್ನಡದಲ್ಲಿ ಪಕಾರವು ಹಕಾರವಾಯಿತು, ತೆಲುಗಿನಲ್ಲಿ ಹಾಗೆಯೇ ಉಳಿಯಿತು. ಓಣಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಕೇಳುತ್ತ ಬೆಳೆದ ಮಗು ಹಾಲಿನ ಬಗ್ಗೆ ಹುಡುಕಲು ‘ಪಾಲು ಉಪಯೋಗಗಳು’ ಎಂದು ಒತ್ತಿದರೆ ಪೆಟ್ಟಿಗೆಗೆ ತಪ್ಪೇ ಕಾಣುವುದಿಲ್ಲ. ‘ಪಾಲು’ ಎಂದರೆ ಭಾಗ. ಅದು ನಿಘಂಟಿನಲ್ಲಿದೆ, ದಾಖಲೆಯಲ್ಲಿಯೂ ಇದೆ. ‘ಪುಲಿ’ ಎಂದು ಒತ್ತಿದರೆ ಬೇರೊಂದು ಪೇಚು: ಅದರಿಂದ ಒಂದು ಹೆಜ್ಜೆಗೆ ‘ಹುಲಿ’ಯೂ ಇದೆ, ‘ಪುರಿ’ಯೂ ಇದೆ, ‘ಪುಡಿ’ಯೂ ಇದೆ. ‘ಹ’ ಮತ್ತು ‘ಪ’ ನಡುವಿನ ತಪ್ಪು ಅಗ್ಗವೆಂದು ಕಲಿಯಬೇಕಾದರೆ ಅಂಥ ಜೋಡಿಗಳು ದಾಖಲೆಯಲ್ಲಿ ಸಾಕಷ್ಟು ಇರಬೇಕು. ಗಡಿಯಿಂದ ದೂರವಿರುವ ಕನ್ನಡಿಗರು ಈ ತಪ್ಪನ್ನು ಮಾಡುವುದು ಅಪರೂಪ. ಮಾಡುವ ನಮ್ಮ ಮಕ್ಕಳು ಸಂಖ್ಯೆಯಲ್ಲಿ ಕಡಿಮೆ. ಹೀಗಾಗಿ ಮಗುವಿನ ಮಟ್ಟಿಗೆ ಅತ್ಯಂತ ಸಹಜವಾದ ತಪ್ಪು ಯಂತ್ರದ ಮಟ್ಟಿಗೆ ದುಬಾರಿಯಾಗಿಯೇ ಉಳಿಯುತ್ತದೆ.

ಪದವನ್ನು ಒಡೆದು ಬರೆದಾಗಲೂ ಇಂಥದೇ ಎಡವಟ್ಟಾಗುತ್ತದೆ. ಕಂಪ್ಯೂಟರಿಗೆ ನಡುವಿನ ಖಾಲಿ ಜಾಗವೂ ಒಂದು ಚಿಹ್ನೆಯೇ. ‘ಮಡಕ ಶಿರಾ’ ಎಂದು ಬಿಡಿಸಿ ಬರೆದರೆ ಸರಿಯಾದ ರೂಪದಿಂದ ಒಂದೇ ಹೆಜ್ಜೆ ದೂರ. ಆದರೆ ಪದಗಳನ್ನು ಒಂದೊಂದಾಗಿ ತಿದ್ದುವ ಸರಳ ತಂತ್ರಾಂಶವು ‘ಶಿರಾ’ ಎಂಬುದನ್ನು ತುಮಕೂರು ಜಿಲ್ಲೆಯ ಊರೆಂದು ಒಪ್ಪಿಕೊಂಡು, ‘ಮಡಕ’ವನ್ನು ‘ಮಡಕೆ’ ಎಂದು ತಿದ್ದಬಹುದು. ಆಗ ನಮ್ಮ ಊರು ಶಿರಾದಲ್ಲಿ ಸಿಗುವ ಮಡಕೆಯಾಗುತ್ತದೆ!

ಹೆಚ್ಚು ಎಂದರೆ ಸರಿ ಎಂದೇ?

ಇನ್ನೊಂದು ಮಿತಿಯನ್ನು ಭಾಷಾ ಶಿಕ್ಷಕರಾದ ನಾವು ವಿಶೇಷವಾಗಿ ತಿಳಿದಿರಬೇಕು. ‘ಶುಭಾಶಯ’ ಎಂಬ ಪದವನ್ನು ‘ಶುಭಾಷಯ’ ಎಂದು ಬರೆದಿರುವುದನ್ನು ಫಲಕಗಳಲ್ಲಿ, ಹುಟ್ಟುಹಬ್ಬದ ಸಂದೇಶಗಳಲ್ಲಿ ನಾವು ನಿತ್ಯವೂ ಕಾಣುತ್ತೇವೆ. ಎರಡರ ನಡುವೆ ಒಂದೇ ಹೆಜ್ಜೆ. ಶುಭ ಮತ್ತು ಆಶಯ ಸೇರಿ ಸವರ್ಣದೀರ್ಘ ಸಂಧಿಯಾಗಿದೆ. ಆದ್ದರಿಂದ ‘ಶ’ಕಾರವೇ ಸರಿ ಎಂದು ನಾವು ಹೇಳುತ್ತೇವೆ. ಈ ಕಾರಣ ದಾಖಲೆಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಷ್ಟು ಜನ ಹೇಗೆ ಬರೆದರು ಎಂಬುದಷ್ಟೇ. ಐನ್‌ಸ್ಟೈನರ ಹೆಸರಿನಲ್ಲಿ ತಪ್ಪು ಬರೆದವರು ಚದುರಿಹೋದರು; ಇಲ್ಲಿ ತಪ್ಪು ಬರೆಯುವವರೂ ಒಂದೇ ಕಡೆ ಸೇರಿದ್ದಾರೆ. ತಪ್ಪು ಬರೆಯುವವರೆಲ್ಲ ಒಂದೇ ರೀತಿ ತಪ್ಪು ಬರೆದಾಗ ಎಣಿಕೆಯ ವಿಧಾನ ಕೈಕೊಡುತ್ತದೆ. ಆಗ ಪೆಟ್ಟಿಗೆಯು ಎರಡನ್ನೂ ಒಪ್ಪಿಕೊಂಡು ಸುಮ್ಮನಿರುತ್ತದೆ. ಪೆಟ್ಟಿಗೆ ತಿದ್ದಲಿಲ್ಲವಾದ್ದರಿಂದ ತನ್ನ ಬರಹ ಸರಿಯೆಂದು ಮಗು ಭಾವಿಸುತ್ತದೆ.

ದಾಖಲೆಯು ತನ್ನನ್ನು ತಾನೇ ಬಲಪಡಿಸಿಕೊಳ್ಳುವ ಅಪಾಯವೂ ಇದೆ. ಹುಡುಗನನ್ನು ಹೈದರಾಬಾದಿಗೆ ಕರೆದೊಯ್ದಾಗ ಅವನು ಕುತೂಹಲದಿಂದ ಮೆಟ್ರೊ ಚಿತ್ರವೊಂದನ್ನು ತೆರೆದರೆ, raydurg ಎಂದು ಬರೆದವರಿಗೆ raidurg ಬೇಕಾಗಿತ್ತು ಎಂಬುದಕ್ಕೆ ಅದೂ ಒಂದು ಸಾಕ್ಷಿಯಾಗಿ ಸೇರುತ್ತದೆ. ಅವನು ಹಿಂದಿರುಗಿ ಬಂದು ತನ್ನ ಊರಿನ ಹೆಸರನ್ನು ಮತ್ತೆ ಬರೆದು, ಬೇಕಾದ ಪುಟವನ್ನು ತೆರೆದರೆ ನಮ್ಮ ಕಡೆಗೆ ಒಂದು ಸಾಕ್ಷಿ ಸೇರುತ್ತದೆ.

ತರಗತಿಯಲ್ಲಿ

ಈ ತಿಳಿವಳಿಕೆಯಿಂದ ತರಗತಿಯಲ್ಲಿ ಮೂರು ಕೆಲಸಗಳನ್ನು ಮಾಡಬಹುದು.

ಮೊದಲನೆಯದು, ಫಲಿತಾಂಶಗಳ ಮೇಲಿನ ಸಾಲನ್ನು ಓದಿಸುವುದು. ಪೆಟ್ಟಿಗೆಯು ಎರಡು ರೀತಿ ವರ್ತಿಸುತ್ತದೆ. ಸಂದೇಹ ಹೆಚ್ಚಿದ್ದಾಗ “ನೀವು ಹುಡುಕುತ್ತಿರುವುದು ಇದೇ?” ಎಂದು ಕೇಳಿ ಸುಮ್ಮನಾಗುತ್ತದೆ. ತನ್ನ ಲೆಕ್ಕದಲ್ಲಿ ವಿಶ್ವಾಸವಿದ್ದಾಗ ಕೇಳದೆಯೇ ಪದವನ್ನು ಬದಲಿಸಿ, ಬದಲಿಸಿದ ಪದದ ಫಲಿತಾಂಶಗಳನ್ನು ತೋರಿಸಿ, ಮೂಲ ಪದಕ್ಕೆ ಹಿಂದಿರುಗುವ ಕೊಂಡಿಯನ್ನು ಚಿಕ್ಕ ಅಕ್ಷರದಲ್ಲಿ ಇಡುತ್ತದೆ. ಮಕ್ಕಳು ಚಿತ್ರಗಳನ್ನು ನೋಡುತ್ತಾರೆಯೇ ಹೊರತು ಈ ಸಾಲನ್ನು ಓದುವುದಿಲ್ಲ. “ನೀನು ಏನು ಬರೆದೆ? ಅದು ಏನು ಹುಡುಕಿತು?” ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಸಲವೂ ಕೇಳಿಸಿರಿ. ಬದಲಾಗಿದ್ದರೆ ಆ ಕೊಂಡಿಯನ್ನು ಒತ್ತಬೇಕು, ಇಲ್ಲವೇ ಜಿಲ್ಲೆಯ ಹೆಸರನ್ನೋ ನೆರೆಯೂರಿನ ಹೆಸರನ್ನೋ ಸೇರಿಸಬೇಕು. ಜಿಲ್ಲೆಯ ಹೆಸರಿನ ಬಗ್ಗೆ ಒಂದು ಎಚ್ಚರಿಕೆ: 2022 ರ ಏಪ್ರಿಲಿನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹಳೆಯ ಪುಟಗಳಲ್ಲಿಯೂ ಹಳೆಯ ದಾಖಲೆಗಳಲ್ಲಿಯೂ ಅದು ಅನಂತಪುರದೊಂದಿಗೇ ಇದೆ. ಎರಡು ಹೆಸರುಗಳನ್ನೂ ಒಂದಾದ ಮೇಲೊಂದು ಪ್ರಯತ್ನಿಸಬೇಕು.

ಎರಡನೆಯದು, ಕಪ್ಪುಹಲಗೆಯ ಮೇಲೆ ತಿದ್ದುದೂರದ ಕೋಷ್ಟಕ. ಆರು, ಏಳನೆಯ ತರಗತಿಯ ಮಕ್ಕಳಿಗೆ ಕೂಡುವುದೂ ಚಿಕ್ಕ ಸಂಖ್ಯೆಯನ್ನು ಗುರುತಿಸುವುದೂ ಬಂದರೆ ಸಾಕು. ‘ಹಾಲು’ ಪದವನ್ನು ನಡುವೆ ಬರೆದು, ಒಂದು ಹೆಜ್ಜೆಗೆ ಸಿಗುವ ಪದಗಳನ್ನು ಸುತ್ತಲೂ ಬರೆಯಲು ಹೇಳಿರಿ. ಯಾವ ಪದದ ಸುತ್ತ ಮನೆಗಳು ಹೆಚ್ಚಿವೆಯೋ ಅದನ್ನು ಹುಡುಕುವಾಗ ಜೊತೆಪದ ಬೇಕೇ ಬೇಕು ಎಂಬುದು ಮಕ್ಕಳಿಗೆ ತಾವಾಗಿಯೇ ಹೊಳೆಯುತ್ತದೆ.

ಮೂರನೆಯದು ನಮ್ಮದೇ ದಾಖಲೆ. ನೋಟುಪುಸ್ತಕಗಳನ್ನು ತಿದ್ದುವಾಗ ಒಂದು ಹಾಳೆಯಲ್ಲಿ ಎರಡು ಕಂಬ ಎಳೆದು, ಮಗು ಬರೆದದ್ದನ್ನು ಎಡಕ್ಕೂ ಉದ್ದೇಶಿಸಿದ್ದನ್ನು ಬಲಕ್ಕೂ ಬರೆದಿಡಿ. ನೂರು ಜೋಡಿಗಳಾದಾಗ ಯಾವ ಅಕ್ಷರ ಯಾವುದಾಗಿದೆ ಎಂದು ಎಣಿಸಿರಿ. ‘ಹ’ ಹೋಗಿ ‘ಪ’ ಬಂದವು ಎಷ್ಟು, ಮಹಾಪ್ರಾಣ ಹೋಗಿ ಅಲ್ಪಪ್ರಾಣ ಬಂದವು ಎಷ್ಟು, ‘ಳ’ ಹೋಗಿ ‘ಲ’ ಬಂದವು ಎಷ್ಟು? ಮೊದಲನೆಯದು ಪಕ್ಕದ ಭಾಷೆಯಿಂದ ಬಂದದ್ದು. ಅದಕ್ಕೆ ಎರಡು ಭಾಷೆಗಳ ಪದಗಳನ್ನು ಜೊತೆಯಲ್ಲಿಟ್ಟು ಪಾಠ ಮಾಡಬೇಕು. ಎರಡನೆಯದು ಉಚ್ಚಾರಣೆಯಿಂದ ಬಂದದ್ದು. ಅದಕ್ಕೆ ಗಟ್ಟಿಯಾಗಿ ಓದಿಸುವುದು ಮತ್ತು ಉಕ್ತಲೇಖನ ಬೇಕು. ದೂರದ ಯಂತ್ರಕ್ಕೆ ಕಾಣದ ಈ ಮಾದರಿ ನಮ್ಮ ಮೇಜಿನ ಮೇಲಿರುವ ಮೂವತ್ತು ಪುಸ್ತಕಗಳಲ್ಲಿ ಕಾಣುತ್ತದೆ.

ಆ ಶಾಲೆಯ ಹುಡುಗನ ಪ್ರಶ್ನೆಗೆ ಅಂದು ಊಟದ ವಿರಾಮದಲ್ಲಿ ನಾನು ಅವನ ಅಧ್ಯಾಪಕರೊಡನೆ ಕುಳಿತು ಉತ್ತರ ಕೊಟ್ಟೆ. “ಒಂದು ಅಕ್ಷರ ಬಿಟ್ಟೆಯಪ್ಪ, ಅದು ನಿಜ. ಆದರೆ ನೀನು ನಿಂತದ್ದು ಎರಡು ಊರುಗಳ ನಟ್ಟನಡುವೆ. ಆ ಊರಿನ ಹೆಸರು ಒತ್ತುವವರು ಹೆಚ್ಚು, ಅದಕ್ಕೆ ಪೆಟ್ಟಿಗೆ ಅತ್ತ ಹೋಯಿತು” ಎಂದೆ. ಅವನು ಸ್ವಲ್ಪ ಯೋಚಿಸಿ, ಮೊಬೈಲನ್ನು ತೆಗೆದುಕೊಂಡು, ಒಂದಕ್ಷರವನ್ನೂ ತಿದ್ದದೆ, raydurg ಎಂಬುದರ ಮುಂದೆ anantapur ಎಂದು ಸೇರಿಸಿದ. ಬೆಟ್ಟವೂ ಅದರ ಮೇಲಿನ ಕೋಟೆಯ ಗೋಡೆಯೂ ಪರದೆಯ ಮೇಲೆ ಬಂದವು.